ಎದೆಬಡಿತದ ಎಣಿಕೆಯೂ ಸಭೆಯ ಭಯವೂ

ಮಾನ್ಯ ಸಂಪಾದಕರೇ, ನಾನು ಗುಬ್ಬಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಪೋಷಕರ ಸಭೆಗೆ ಮುಂಚೆ ಎದೆ ಡವಡವ ಎನ್ನುತ್ತದೆ, ಹೊಟ್ಟೆ ತೊಳಸುತ್ತದೆ, ಭಯವಾಗುತ್ತದೆ. ದೇವರಾಯನದುರ್ಗದ ಮೆಟ್ಟಿಲು ಹತ್ತುವಾಗ ಎದೆ ಇನ್ನೂ ಜೋರಾಗಿ ಬಡಿದರೂ ಭಯವಾಗುವುದಿಲ್ಲ. ಇಸಿಜಿ ನೋಡಿದ ವೈದ್ಯರು ಹೃದಯ ಸರಿಯಾಗಿದೆ ಎಂದಿದ್ದಾರೆ. ನಾಡಿ ಮುಟ್ಟದೆ 35 ಸೆಕೆಂಡು ಎದೆಬಡಿತ ಎಣಿಸಿದಾಗ ನನಗೆ 41 ಸಿಕ್ಕಿತು. ಅದೇ ಹೊತ್ತಿನಲ್ಲಿ ನನ್ನ ಮಣಿಕಟ್ಟು ಹಿಡಿದಿದ್ದ ಯಜಮಾನರಿಗೆ 44 ಸಿಕ್ಕಿತು. ದೇಹದ ಅರಿವು ಅತಿಯಾಗಿರುವುದೇ ನನ್ನ ಭಯಕ್ಕೆ ಕಾರಣವೇ?
— ಓದುಗರೊಬ್ಬರು, ಗುಬ್ಬಿ

ಮಾನ್ಯರೇ,

ನೀವು ಮಾಡಿದ ಎಣಿಕೆ 1981ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ರೈನರ್ ಶಾಂಡ್ರಿ ಪ್ರಕಟಿಸಿದ ಪರೀಕ್ಷೆಯ ಮನೆಮಟ್ಟದ ರೂಪ. ಇಂಟರೊಸೆಪ್ಷನ್, ಅಂದರೆ ದೇಹದ ಒಳಗ್ರಹಿಕೆ, ಒಬ್ಬರಲ್ಲಿ ಎಷ್ಟು ಚುರುಕಾಗಿದೆ ಎಂದು ಅಳೆಯಲು ದಶಕಗಳಿಂದ ಅದನ್ನೇ ಬಳಸಿದ್ದಾರೆ. ಎಣಿಕೆಯ ವ್ಯತ್ಯಾಸವನ್ನು ನಿಜವಾದ ಬಡಿತಗಳಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆಯಬೇಕು. ನಿಮ್ಮ ವ್ಯತ್ಯಾಸ 3, ಅದನ್ನು 44ರಿಂದ ಭಾಗಿಸಿದರೆ ಸುಮಾರು 0.07, ಹಾಗಾಗಿ ಅಂಕ 0.93. ನೋಡಲು ಬಹಳ ಒಳ್ಳೆಯ ಅಂಕವೇ. ಆದರೆ ವಿಜ್ಞಾನ ಶಿಕ್ಷಕಿಯಾದ ನಿಮಗೆ ಹೃದಯ ನಿಮಿಷಕ್ಕೆ 72 ಬಾರಿ ಬಡಿಯುತ್ತದೆ ಎಂಬುದು ಬಾಯಿಪಾಠವಾಗಿರುತ್ತದೆ; ಆ ಲೆಕ್ಕದಲ್ಲಿ 35 ಸೆಕೆಂಡಿಗೆ ಬರುವುದು 42. ಎದೆಯೊಳಗಿನ ಒಂದು ಬಡಿತವೂ ಗಮನಕ್ಕೆ ಬಾರದೆ ಕೇವಲ ಹೊತ್ತನ್ನು ಅಂದಾಜು ಮಾಡಿದ್ದರೂ ನಿಮಗೆ ಹೆಚ್ಚುಕಡಿಮೆ ಇದೇ ಅಂಕ ಸಿಗುತ್ತಿತ್ತು.

ಇದು ಬರಿಯ ತರ್ಕವಲ್ಲ. ಪೇಸ್‌ಮೇಕರ್ ಅಳವಡಿಸಿಕೊಂಡ ರೋಗಿಗಳ ಹೃದಯದ ವೇಗವನ್ನು ಯಂತ್ರದ ಮೂಲಕವೇ ಏರಿಸಿ ಇಳಿಸಿದಾಗಲೂ ಅವರ ಎಣಿಕೆ ಅಷ್ಟಾಗಿ ಬದಲಾಗಲಿಲ್ಲ ಎಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅವರು ಎಣಿಸಿದ್ದು ತಮ್ಮ ಹೃದಯದ ಬಗ್ಗೆ ತಮಗಿದ್ದ ನಂಬಿಕೆಯನ್ನು. ‘ಅಂದಾಜು ಬೇಡ, ನಿಜವಾಗಿ ಅನುಭವಕ್ಕೆ ಬಂದ ಬಡಿತಗಳನ್ನಷ್ಟೇ ಹೇಳಿ’ ಎಂದು ಸ್ಪಷ್ಟವಾಗಿ ಸೂಚಿಸಿದರೆ ಜನರ ಅಂಕ ಬಹಳಷ್ಟು ಕುಸಿಯುತ್ತದೆ ಎಂಬುದು 2018ರಲ್ಲಿ ಬೆಲ್ಜಿಯಂನ ಸಂಶೋಧಕರಿಂದ ತಿಳಿಯಿತು. ನೀವು ಮತ್ತೆ ಮಾಡುವುದಾದರೆ ಅವಧಿಯನ್ನು ಯಜಮಾನರೇ ನಿಮಗೆ ಹೇಳದೆ 25, 35, 45 ಸೆಕೆಂಡುಗಳೆಂದು ಬದಲಿಸಲಿ. ನೀವು ಅನುಭವಕ್ಕೆ ಬಂದದ್ದನ್ನಷ್ಟೇ ಎಣಿಸಿ, ಉತ್ತರ ನೋಡುವ ಮೊದಲು ಅದರ ಮೇಲೆ ನಿಮಗೆಷ್ಟು ಭರವಸೆಯಿದೆ ಎಂಬುದನ್ನು ಹತ್ತಕ್ಕೆ ಇಷ್ಟು ಎಂದು ಬರೆದಿಡಿ. ಅವರು ಮಣಿಕಟ್ಟನ್ನು ಬಿಗಿಯಾಗಿ ಒತ್ತಿದರೆ ನಾಡಿ ಅಲ್ಲಿಯೇ ನಿಮಗೂ ತಿಳಿದುಬಿಡುತ್ತದೆ, ಅದೊಂದು ಎಚ್ಚರವಿರಲಿ. ಭರವಸೆ ಒಂಬತ್ತಿದ್ದು ಎಣಿಕೆ ಅರ್ಧಕ್ಕೆ ಇಳಿದರೆ ಆಶ್ಚರ್ಯಪಡಬೇಡಿ. ‘ನನಗೆ ಚೆನ್ನಾಗಿ ತಿಳಿಯುತ್ತದೆ’ ಎಂಬ ಭಾವನೆ ಮತ್ತು ನಿಜವಾದ ನಿಖರತೆ ಬೇರೆ ಬೇರೆ ಸಂಗತಿಗಳು.

ಹಾಗಾದರೆ ಹೃದಯಕ್ಕೂ ಭಯಕ್ಕೂ ಸಂಬಂಧವೇ ಇಲ್ಲವೇ ಎಂದರೆ, ಇದೆ. ಪ್ರತಿ ಬಡಿತಕ್ಕೂ ಮಹಾಪಧಮನಿ ಮತ್ತು ಕತ್ತಿನ ರಕ್ತನಾಳಗಳ ಗೋಡೆ ಹಿಗ್ಗಿದಾಗ ಅಲ್ಲಿನ ಒತ್ತಡಗ್ರಾಹಕಗಳು ಮಿದುಳಕಾಂಡಕ್ಕೆ ಸಂಕೇತ ಕಳಿಸುತ್ತವೆ, ಅದು ಮುಂದೆ ಇನ್ಸುಲಾ ಎಂಬ ಮಿದುಳಿನ ಭಾಗವನ್ನು ತಲುಪುತ್ತದೆ. ಹೊಟ್ಟೆಯ ಸುದ್ದಿ ಹೆಚ್ಚಾಗಿ ಬರುವುದು ವೇಗಸ್ ನರದ ಮೂಲಕ. ಅದರ ತಂತುಗಳಲ್ಲಿ ಬಹುಪಾಲು ಮಿದುಳಿನಿಂದ ಕೆಳಗೆ ಆಜ್ಞೆ ಒಯ್ಯುವುದಕ್ಕಿಂತ ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು.

2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಕಾರ್ಲ್ ಡೈಸರಾತ್ ಅವರ ತಂಡ ಇಲಿಗಳ ಹೃದಯವನ್ನು ಬೆಳಕಿನಿಂದ ನಿಯಂತ್ರಿಸಿ, ನಿಮಿಷಕ್ಕೆ 900ರ ವೇಗದಲ್ಲಿ ಆಗಾಗ ಬಡಿಯುವಂತೆ ಮಾಡಿತು. ನಿಮ್ಮ ಮೆಟ್ಟಿಲಿನ ಪ್ರಶ್ನೆಗೆ ನನಗೆ ತಿಳಿದಂತೆ ಇದಕ್ಕಿಂತ ನೇರವಾದ ಉತ್ತರವಿಲ್ಲ. ಅಪಾಯವಿಲ್ಲದ ಜಾಗದಲ್ಲಿ ಆ ಓಟವನ್ನು ಇಲಿಗಳು ಗಣನೆಗೇ ತೆಗೆದುಕೊಳ್ಳಲಿಲ್ಲ. ಬಯಲಾದ ಎತ್ತರದ ದಾರಿಯಲ್ಲಿ, ಅಥವಾ ನೀರು ಕುಡಿಯಲು ಹೋದರೆ ಆಘಾತ ತಗಲಬಹುದು ಎಂಬ ಸ್ಥಿತಿಯಲ್ಲಿ ಮಾತ್ರ ಅವು ಹಿಂಜರಿದವು. ಇನ್ಸುಲಾದ ಹಿಂಭಾಗವನ್ನು ತಡೆದಾಗ ಆ ಹಿಂಜರಿಕೆ ತಗ್ಗಿತು. ಮನುಷ್ಯರಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು; ಆದರೂ ಬಡಿತವೊಂದೇ ಭಯವಲ್ಲ, ಅಪಾಯದ ನಿರೀಕ್ಷೆ ಇರುವಲ್ಲಿ ಬಡಿತ ಭಯವನ್ನು ಹೆಚ್ಚಿಸುತ್ತದೆ ಎಂಬ ಓದು ನಿಮ್ಮ ಅನುಭವಕ್ಕೆ ಸರಿಹೊಂದುತ್ತದೆ. ದುರ್ಗದಲ್ಲಿ ಕಾಲಿನ ಕೆಳಗಿನ ಮೆಟ್ಟಿಲೇ ಬಡಿತಕ್ಕೆ ಕಾರಣ ಹೇಳುತ್ತದೆ. ಸಭೆಯ ಕೊಠಡಿಯ ಹೊರಗೆ ಕುಳಿತಿರುವಾಗ ಅಂಥ ಕಾರಣ ಕಾಣದು, ಪೋಷಕರು ಏನು ಕೇಳುತ್ತಾರೋ ಎಂಬ ಅಳುಕು ಆ ಜಾಗವನ್ನು ತುಂಬುತ್ತದೆ.

ಹೀಗಾಗಿ ಅತಿಯಾದ ಅರಿವೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಸಿಕ್ಕ ಸಂಕೇತಕ್ಕೆ ಕೊಟ್ಟ ಅರ್ಥದ ಮೇಲೆ ನನ್ನ ಗುಮಾನಿ. ಪ್ಯಾನಿಕ್ ತೊಂದರೆಯುಳ್ಳವರಿಗೆ ಮನೋಚಿಕಿತ್ಸಕರು ನಿಂತಲ್ಲೇ ಒಂದು ನಿಮಿಷ ಓಡಿಸಿ ಬೇಕೆಂದೇ ಬಡಿತ ಏರಿಸುತ್ತಾರೆ, ಅದನ್ನು ತಡೆಯಲು ಏನೂ ಮಾಡದೆ ತಾನಾಗಿ ಇಳಿಯುವವರೆಗೆ ಕಾಯಿಸುತ್ತಾರೆ, ಮತ್ತೆ ಮತ್ತೆ ಮಾಡಿಸುತ್ತಾರೆ. ಬಡಿತದ ಹಿಂದೆ ಅನಾಹುತ ಬರಲಿಲ್ಲ ಎಂಬುದನ್ನು ರೋಗಿ ಹೀಗೆ ಕಲಿಯುತ್ತಾರೆ. ನಿಮ್ಮ ತೊಂದರೆ ಅಷ್ಟು ದೊಡ್ಡದೆಂದು ನಾನು ಹೇಳುತ್ತಿಲ್ಲ, ಆದರೆ ಸಭೆಯ ದಿನ ಶಾಲೆಯ ಮೆಟ್ಟಿಲನ್ನು ಎರಡು ಬಾರಿ ಹತ್ತಿಳಿದು ಒಳಗೆ ಹೋಗಿ ನೋಡಬಹುದು. ಕುಳಿತಿರುವಾಗಲೇ ಬಡಿತ ತಾಳ ತಪ್ಪಿದರೆ, ಎದೆನೋವು ಬಂದರೆ ಅಥವಾ ಕಣ್ಣು ಕತ್ತಲಿಟ್ಟರೆ ಮಾತ್ರ, ಹಿಂದಿನ ಇಸಿಜಿಯನ್ನು ನೆಚ್ಚಿಕೊಳ್ಳದೆ ವೈದ್ಯರನ್ನು ಮತ್ತೆ ಕಾಣಿರಿ.

— ಸಂಪಾದಕ