ಮೊಣಕೈ ಮಡಿಸಿದಾಗ ಹರಿಯದ, ಸೊರಗದ 2ಡಿ ಮೆಶ್ ಕಟ್ಟುವುದು ಹೇಗೆ?

ಪ್ರಶ್ನೆ: ನನ್ನ ಕಟೌಟ್ ಪಾತ್ರದ ಮೇಲ್ತೋಳು, ಮುಂಗೈ ಬೇರೆ ಬೇರೆ ಚಿತ್ರಗಳು. ಕೈ ಮಡಿಸಿದರೆ ಮೊಣಕೈಯಲ್ಲಿ ಬಿರುಕು ಬಿಟ್ಟು ಹಿನ್ನೆಲೆ ಕಾಣುತ್ತೆ. ಎರಡನ್ನೂ ಸೇರಿಸಿ ಒಂದೇ ಮೆಶ್ ಮಾಡಿ ವೇಯ್ಟ್ ಕೊಟ್ಟೆ. ಬಿರುಕು ಹೋಯ್ತು, ಆದ್ರೆ ಈಗ ಮೊಣಕೈ ಸೊರಗಿ, ಒಳಮಡಿಕೆಯಲ್ಲಿ ಚಿತ್ರ ಕಲಸಿಹೋಗುತ್ತೆ. Godot ಬಳಸ್ತಿದ್ದೀನಿ. ಏನು ಮಾಡ್ಲಿ?

ಉತ್ತರ:

ಇವು ಎರಡು ಬೇರೆ ಬೇರೆ ತೊಂದರೆಗಳು, ಮದ್ದೂ ಬೇರೆ ಬೇರೆ. ಮೊದಲು ಯಾವುದು ಯಾವುದೆಂದು ಗುರುತಿಸಿಕೊಳ್ಳಿ. ಪಾತ್ರದ ಹಿಂದೆ ಕಣ್ಣಿಗೆ ಹೊಡೆಯುವ ಗುಲಾಬಿ ಬಣ್ಣ ಹಾಕಿ ಕೈ ಮಡಿಸಿ ನೋಡಿ. ಗುಲಾಬಿ ಇಣುಕಿದರೆ ಅದು ನಿಜವಾದ ಬಿರುಕು. ಇಣುಕದೆ ಚಿತ್ರ ಮಾತ್ರ ಎಳೆದಂತೆ ಅಥವಾ ಹಿಂಡಿದಂತೆ ಕಂಡರೆ ಅದು ವೇಯ್ಟ್ ಮತ್ತು ತ್ರಿಕೋನಗಳ ತೊಂದರೆ.

ಬಿರುಕು ಉಂಟಾಗಬೇಕಾದರೆ ಒಂದೇ ಜಾಗದಲ್ಲಿ ಎರಡು ಅಂಚುಗಳಿರಬೇಕು, ಅವೆರಡೂ ಬೇರೆ ಬೇರೆ ದಾರಿ ಹಿಡಿಯಬೇಕು. ಅಕ್ಕಪಕ್ಕದ ತ್ರಿಕೋನಗಳು ಅದೇ ವರ್ಟೆಕ್ಸ್‌ಗಳನ್ನು ಹಂಚಿಕೊಂಡಿರುವ ಮೆಶ್‌ನಲ್ಲಿ ಅದು ಸಾಧ್ಯವೇ ಇಲ್ಲ. ಅದಕ್ಕೇ ಒಂದೇ ಮೆಶ್ ಮಾಡಿದ ಕೂಡಲೇ ನಿಮ್ಮ ಬಿರುಕು ಮಾಯವಾಯಿತು. ಇನ್ನೊಂದು ಮಾತು: ಎರಡು ತುಂಡುಗಳನ್ನು ಎಷ್ಟೇ ನಿಖರವಾಗಿ ಅಂಚಿಗೆ ಅಂಚು ಜೋಡಿಸಿದರೂ, ಕೈ ಮಡಿಸದಿದ್ದಾಗಲೂ ಸಣ್ಣ ಗೆರೆ ಕಾಣಬಹುದು. ನಯಗೊಳಿಸಿದ ಅಂಚಿನ ಪಿಕ್ಸೆಲ್ ಅರ್ಧ ಪಾರದರ್ಶಕ. ಅಂಥ ಎರಡು ಅರ್ಧಗಳು ಒಂದರ ಮೇಲೊಂದು ಬಿದ್ದರೆ ಮುಚ್ಚುವುದು ಮುಕ್ಕಾಲು ಭಾಗ ಮಾತ್ರ, ಉಳಿದ ಕಾಲು ಭಾಗದಲ್ಲಿ ಹಿನ್ನೆಲೆ ಕಾಣುತ್ತದೆ. ಅಂಚುಗಳು ಒಂದರ ಕೆಳಗೊಂದು ನುಸುಳಿದ್ದರೆ ಮಾತ್ರ ಈ ಗೆರೆ ಹೋಗುತ್ತದೆ.

ಈಗ ಸೊರಗುವ ವಿಷಯಕ್ಕೆ ಬರೋಣ, ನಿಜವಾದ ಕೆಲಸ ಇರುವುದು ಇಲ್ಲಿಯೇ. ಮೊಣಕೈ ಹತ್ತಿರ ತೋಳಿನ ಅಗಲ 60 ಪಿಕ್ಸೆಲ್ ಎಂದುಕೊಳ್ಳಿ. ಕೀಲಿನ ಕೇಂದ್ರದಿಂದ ಹೊರ ಅಂಚಿಗೆ 30, ಒಳ ಅಂಚಿಗೆ 30. ಹೊರ ಅಂಚಿನ ತುದಿಯ ವರ್ಟೆಕ್ಸ್‌ಗೆ ಎರಡೂ ಬೋನ್‌ಗಳಿಂದ ಅರ್ಧರ್ಧ ವೇಯ್ಟ್ ಕೊಟ್ಟಿದ್ದೀರಿ. ಎಂಜಿನ್ ಮಾಡುವುದಿಷ್ಟೆ: ಮೇಲ್ತೋಳಿನ ಜೊತೆ ಹೋಗಿದ್ದರೆ ಅದು ಎಲ್ಲಿರುತ್ತಿತ್ತು, ಮುಂಗೈ ಜೊತೆ ಹೋಗಿದ್ದರೆ ಎಲ್ಲಿರುತ್ತಿತ್ತು ಎಂದು ಎರಡು ಜಾಗ ಲೆಕ್ಕಹಾಕಿ, ಅವುಗಳ ನಡುವಿನ ನೇರ ಗೆರೆಯ ಮಧ್ಯದಲ್ಲಿ ವರ್ಟೆಕ್ಸ್ ಇಡುತ್ತದೆ. ಆ ಎರಡು ಜಾಗಗಳು ಒಂದು ವೃತ್ತದ ಮೇಲಿವೆ, ನಡುವಿನ ನೇರ ಗೆರೆಯೋ ವೃತ್ತದ ಒಳಗೆ ಹಾಯುತ್ತದೆ. ಹಾಗಾಗಿ ವರ್ಟೆಕ್ಸ್ ಕೇಂದ್ರದ ಕಡೆಗೆ ಜಾರುತ್ತದೆ. ಮಡಿಕೆಯ ಅರ್ಧ ಕೋನದ ಕೊಸೈನ್‌ನಿಂದ ಗುಣಿಸಿದರೆ ಉಳಿಯುವ ದೂರ ಸಿಗುತ್ತದೆ. 90 ಡಿಗ್ರಿ ಮಡಿಸಿದರೆ 30 ಇದ್ದದ್ದು 21 ಆಗುತ್ತದೆ, 120 ಡಿಗ್ರಿಗೆ 15. ವೇಯ್ಟ್ ಬ್ರಷ್ ಹಿಡಿದು ಎಷ್ಟು ತಿದ್ದಿದರೂ ಎರಡೇ ಬೋನ್ ಇಟ್ಟುಕೊಂಡು ಈ ನಷ್ಟದಿಂದ ಪೂರ್ತಿ ತಪ್ಪಿಸಿಕೊಳ್ಳಲಾಗದು.

ನಾನು ಹೊರಗಡೆಗೆ ಯಾವಾಗಲೂ ಮೂರನೇ ಬೋನ್ ಒಂದನ್ನು ಸೇರಿಸುತ್ತೇನೆ. ಅದು ಮೇಲ್ತೋಳಿನ ಮಗು, ಮುಂಗೈ ಬೋನ್‌ನ ಒಡಹುಟ್ಟು. ಎರಡರ ಮೂಲವೂ ಮೊಣಕೈಯ ಅದೇ ಬಿಂದುವಿನಲ್ಲಿರಬೇಕು. ಮುಂಗೈ ಎಷ್ಟು ತಿರುಗುತ್ತದೋ ಅದರ ಅರ್ಧದಷ್ಟು ಇದು ತಿರುಗಬೇಕು:

```gdscript
extends Bone2D

@export var forearm: Bone2D

func _ready():
    process_priority = 10

func _process(_delta):
    var bend := forearm.rotation - forearm.rest.get_rotation()
    rotation = rest.get_rotation() + bend * 0.5
```

`process_priority` ಹೆಚ್ಚಿಸಿರುವುದು ಅನಿಮೇಶನ್ ಮುಂಗೈಯನ್ನು ತಿರುಗಿಸಿದ ಮೇಲೆ ಈ ಸ್ಕ್ರಿಪ್ಟ್ ಓಡಲಿ ಎಂದು. ಇಲ್ಲವಾದರೆ ಮೊಣಕೈ ಒಂದು ಫ್ರೇಮ್ ಹಿಂದೆ ಬೀಳಬಹುದು, ವೇಗದ ಹೊಡೆತಗಳಲ್ಲಿ ಅದು ನಡುಕದಂತೆ ಕಾಣುತ್ತದೆ. ಹೊಸ ಬೋನ್ ಸೇರಿಸಿದ ಮೇಲೆ `Polygon2D` ಎಡಿಟರ್‌ನಲ್ಲಿ `Sync Bones to Polygon` ಒತ್ತಿ, ಇಲ್ಲದಿದ್ದರೆ ವೇಯ್ಟ್ ಕೊಡುವ ಪಟ್ಟಿಯಲ್ಲಿ ಅದು ಕಾಣಿಸುವುದಿಲ್ಲ.

ಹೊರ ಅಂಚಿನಲ್ಲಿ ಮೂರು ವರ್ಟೆಕ್ಸ್ ಸಾಕು. ಕೀಲಿಗೆ ನೇರವಾಗಿರುವ ನಡುವಿನದನ್ನು ಪೂರ್ತಿಯಾಗಿ ಈ ಸಹಾಯಕ ಬೋನ್‌ಗೆ ಕಟ್ಟಿ. ಅದಕ್ಕೆ ಸರಾಸರಿಯ ಗೋಜೇ ಇಲ್ಲ, 30 ಪಿಕ್ಸೆಲ್ ದೂರ ಹಾಗೇ ಉಳಿಯುತ್ತದೆ. ಅದರ ಎರಡೂ ಕಡೆ 15 ಪಿಕ್ಸೆಲ್ ದೂರದಲ್ಲಿ ಒಂದೊಂದು ವರ್ಟೆಕ್ಸ್ ಇಡಿ. ಮೇಲ್ತೋಳಿನ ಕಡೆಯದಕ್ಕೆ ಮೇಲ್ತೋಳು ಅರ್ಧ, ಸಹಾಯಕ ಅರ್ಧ. ಮುಂಗೈ ಕಡೆಯದಕ್ಕೆ ಮುಂಗೈ ಅರ್ಧ, ಸಹಾಯಕ ಅರ್ಧ. 120 ಡಿಗ್ರಿ ಮಡಿಸಿದಾಗ ಈ ಪಕ್ಕದವು ಕೇಂದ್ರದಿಂದ ಸುಮಾರು 29 ಪಿಕ್ಸೆಲ್ ದೂರದಲ್ಲಿ ನಿಲ್ಲುತ್ತವೆ. 29, 30, 29 ಎಂದರೆ ಹೆಚ್ಚುಕಡಿಮೆ ವೃತ್ತದ ಕಂಸವೇ, ಮೊಣಕೈ ದುಂಡಗೆ ಕಾಣುತ್ತದೆ.

ಒಳಗಡೆ ಇದಕ್ಕೆ ತದ್ವಿರುದ್ಧ. ಹೊರಗೆ ವರ್ಟೆಕ್ಸ್‌ಗಳು ಹತ್ತಿರವಿರಬೇಕು, ಒಳಗೆ ದೂರವಿರಬೇಕು. ಮಡಿಸಿದಾಗ ಒಳ ಅಂಚಿನ ಎರಡು ಬದಿಗಳು ಒಂದನ್ನೊಂದು ಎದುರುಗೊಳ್ಳುತ್ತವೆ. ಕೀಲಿಗೆ ತೀರ ಹತ್ತಿರವಿರುವ ವರ್ಟೆಕ್ಸ್‌ಗಳು ಎದುರು ಬದಿಯನ್ನು ದಾಟಿ ಆಚೆ ಹೋಗುತ್ತವೆ, ತ್ರಿಕೋನಗಳು ಮಗುಚಿಕೊಳ್ಳುತ್ತವೆ. ನೀವು ಕಲಸಿಹೋಗುತ್ತೆ ಎಂದದ್ದು ಇದನ್ನೇ. ಆಟೋ ಮೆಶ್ ಅಂಚಿನುದ್ದಕ್ಕೂ ದಟ್ಟವಾಗಿ ವರ್ಟೆಕ್ಸ್ ಸುರಿದಾಗ ಹೀಗಾಗುವುದು ಹೆಚ್ಚು, ಆದ್ದರಿಂದ ಕೀಲಿನ ಸುತ್ತ ಅದನ್ನು ಅಳಿಸಿ ಕೈಯಿಂದಲೇ ಇಡುವುದು ಒಳ್ಳೆಯದು.

ಎಷ್ಟು ದೂರ ಇಡಬೇಕೆಂಬುದಕ್ಕೆ ಲೆಕ್ಕವಿದೆ: ಅರ್ಧ ಅಗಲವನ್ನು, ನಿಮ್ಮ ಅನಿಮೇಶನ್‌ನಲ್ಲಿ ಬರುವ ಗರಿಷ್ಠ ಮಡಿಕೆಯ ಅರ್ಧ ಕೋನದ ಟ್ಯಾಂಜೆಂಟ್‌ನಿಂದ ಗುಣಿಸಿ. 90 ಡಿಗ್ರಿಗೆ 30 ಪಿಕ್ಸೆಲ್, 120 ಡಿಗ್ರಿಗೆ 52. ಮಡಿಕೆಗೆ ನೇರವಾಗಿ ಒಂದು ವರ್ಟೆಕ್ಸ್ ಇಟ್ಟು ಅದಕ್ಕೆ ಮೇಲ್ತೋಳು, ಮುಂಗೈ ಅರ್ಧರ್ಧ ಕೊಡಿ. ಅದರಿಂದ 52 ಪಿಕ್ಸೆಲ್ ಆಚೆ ಈಚೆ ಒಂದೊಂದು ಇಟ್ಟು, ಪ್ರತಿಯೊಂದನ್ನೂ ತನ್ನ ಬೋನ್‌ಗೆ ಪೂರ್ತಿ ಕಟ್ಟಿ. ನಡುವೆ ಬೇರೇನೂ ಬೇಡ. ಸರಿಯಾಗಿ 120 ಡಿಗ್ರಿಯಲ್ಲಿ ಆ ಎರಡು ವರ್ಟೆಕ್ಸ್‌ಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ, ದಾಟುವುದಿಲ್ಲ. ಮಧ್ಯದ ವರ್ಟೆಕ್ಸ್ ಒಳಕ್ಕೆ ಸರಿದು ಮಡಿಕೆಯ ಗೆರೆಯಾಗುತ್ತದೆ. ಹೊರಗೆ ಶತ್ರುವಾಗಿದ್ದ ಆ ಕುಗ್ಗುವಿಕೆ ಇಲ್ಲಿ ನಮಗೆ ಬೇಕಾದದ್ದೇ.

ಕೀಲಿನ ಕೇಂದ್ರದಲ್ಲೇ ಇನ್ನೊಂದು ವರ್ಟೆಕ್ಸ್ ಇಟ್ಟು, ಮೇಲೆ ಹೇಳಿದ ಆರಕ್ಕೂ ಅಲ್ಲಿಂದ ಗೆರೆ ಎಳೆದು ತ್ರಿಕೋನ ಮಾಡಿ. ಕೇಂದ್ರದ ವರ್ಟೆಕ್ಸ್ ಯಾವ ವೇಯ್ಟ್ ಕೊಟ್ಟರೂ ಅಲುಗುವುದಿಲ್ಲ, ಏಕೆಂದರೆ ಬೋನ್‌ಗಳು ತಿರುಗುವುದೇ ಅದರ ಸುತ್ತ. ಹೊರ ಅಂಚಿನಿಂದ ಒಳ ಅಂಚಿಗೆ ನೇರವಾಗಿ ಹಾಯುವ ಉದ್ದ ತ್ರಿಕೋನಗಳಿದ್ದರೆ ಚಿತ್ರದ ಗೆರೆಗಳು ಅಲ್ಲಿ ಮುರಿದಂತೆ ಕಾಣುತ್ತವೆ. ಮೆಶ್‌ನ ಹೊರ ಎಲ್ಲೆಯನ್ನು ಬಣ್ಣದ ಅಂಚಿನಿಂದ ಎರಡು ಮೂರು ಪಿಕ್ಸೆಲ್ ಆಚೆಗೆ ಬಿಡಿ, ಇಲ್ಲವಾದರೆ ಚಿತ್ರದ ನಯವಾದ ಅಂಚು ಕತ್ತರಿಸಿಹೋಗುತ್ತದೆ.

ತೋಳಿನ ಬಟ್ಟೆ ಬದಲಾಗಬೇಕೆಂಬಂಥ ಕಾರಣಕ್ಕೆ ಎರಡು ತುಂಡುಗಳು ಬೇಕೇ ಬೇಕೆಂದರೆ ಮೆಶ್ ಇಲ್ಲದೆಯೂ ಬಿರುಕು ತಪ್ಪಿಸಬಹುದು. ಎರಡೂ ತುಂಡುಗಳ ತುದಿಯನ್ನು ಕೀಲಿನ ಕೇಂದ್ರದ ಸುತ್ತ ಒಂದೇ ತ್ರಿಜ್ಯದ ವೃತ್ತವಾಗಿ ಬರೆಯಿರಿ. ವೃತ್ತ ಎಷ್ಟು ತಿರುಗಿದರೂ ವೃತ್ತವೇ ಆದ್ದರಿಂದ ಯಾವ ಕೋನದಲ್ಲೂ ಸಂದು ಬೀಳದು. ಮೇಲಿರುವ ತುಂಡಿನ ದುಂಡು ತುದಿಯಲ್ಲಿ ಹೊರಗೆರೆ ಹಾಕಬೇಡಿ, ಕೈ ನಡುವೆ ಬಳೆಯಂತೆ ಎದ್ದು ಕಾಣುತ್ತದೆ. ನೆರಳು ಬಿಡಿಸಿದ ಚಿತ್ರಕ್ಕೆ ಇದು ಅಷ್ಟು ಒಪ್ಪದು, ಚಪ್ಪಟೆ ಬಣ್ಣದ ಪಾತ್ರಗಳಿಗೆ ಮಾತ್ರ ನಾನು ಇದನ್ನು ಆರಿಸುತ್ತೇನೆ.

ಮೆಶ್ ವಿಧಾನಕ್ಕೂ ಒಂದು ಗಡಿಯಿದೆ. 150 ಡಿಗ್ರಿ ಮಡಿಸಬೇಕೆಂದರೆ ಮೇಲಿನ ಲೆಕ್ಕ 112 ಪಿಕ್ಸೆಲ್ ಕೇಳುತ್ತದೆ, ಕೆಲವು ಪಾತ್ರಗಳ ಮುಂಗೈಯೇ ಅಷ್ಟು ಉದ್ದವಿರುವುದಿಲ್ಲ. ಅಲ್ಲಿ ಒಳಮಡಿಕೆಯ ತ್ರಿಕೋನಗಳು ಒಂದರ ಮೇಲೊಂದು ಬರುವುದನ್ನು ಒಪ್ಪಿಕೊಂಡು, ಮುಂಗೈಯ ತ್ರಿಕೋನಗಳು ಕೊನೆಗೆ ಬರುವಂತೆ ಪಟ್ಟಿಯಲ್ಲಿ ಜೋಡಿಸಿ. ಆಗ ಅವು ಮೇಲ್ತೋಳಿನ ಮುಂದೆ ಬಿದ್ದು, ಮುಂಗೈ ಮೇಲ್ತೋಳನ್ನು ಮುಚ್ಚಿದಂತೆ ಕಾಣುತ್ತದೆ. ಅದೂ ಹೊಂದದಿದ್ದರೆ, ಪೂರ್ತಿ ಮಡಿಸಿದ ಕೈಯನ್ನೇ ಬೇರೆ ಚಿತ್ರವಾಗಿ ಬರೆದು, ಕೈ ವೇಗವಾಗಿ ಚಲಿಸುವ ಫ್ರೇಮ್‌ನಲ್ಲಿ ಬದಲಾಯಿಸಿ.