ನಕ್ಷೆಯಲ್ಲಿ ಇರುವ ಮನೆ, ಫಿಲ್ಟರ್‌ನಲ್ಲಿ ಇಲ್ಲ

ಬಾಡಿಗೆ ಮನೆಗಳ ಜಾಲತಾಣದಲ್ಲಿ ಬೆಂಗಳೂರಿನ ಜಯನಗರ ಅಂತ ಏರಿಯಾ ಆರಿಸಿ ಹುಡುಕಿದರೆ ಕೆಲವೇ ಮನೆ ಬರುತ್ತವೆ. ಮ್ಯಾಪ್ ತೆರೆದು ಅದೇ ಜಾಗ ನೋಡಿದರೆ ಜಾಸ್ತಿ ಕಾಣುತ್ತವೆ. ಯಾಕೆ?

ಹಲವು ತಾಣಗಳಲ್ಲಿ ಏರಿಯಾ ಫಿಲ್ಟರ್ ಹೆಸರು ನೋಡುತ್ತದೆ, ಮ್ಯಾಪ್ ಜಾಗ ನೋಡುತ್ತದೆ.

ಜಾಹೀರಾತು ಹಾಕುವಾಗ ಮಾಲೀಕರು ಏರಿಯಾ ಹೆಸರು ಆರಿಸುತ್ತಾರೆ, ಜೊತೆಗೆ ಮ್ಯಾಪ್ ಮೇಲೆ ಪಿನ್ ಇಡುತ್ತಾರೆ. ಸಾಮಾನ್ಯವಾಗಿ ಇವೆರಡೂ ಬೇರೆ ಬೇರೆಯಾಗಿ ಉಳಿಯುತ್ತವೆ. ನೀವು ಮ್ಯಾಪ್ ಸರಿಸಿದಾಗ ಪರದೆಯ ನಾಲ್ಕು ಅಂಚುಗಳ ಅಕ್ಷಾಂಶ, ರೇಖಾಂಶ ಸರ್ವರ್‌ಗೆ ಹೋಗುತ್ತದೆ. ಆ ಚೌಕದೊಳಗೆ ಪಿನ್ ಇರುವ ಮನೆಗಳೆಲ್ಲ ಬರುತ್ತವೆ, ಹೆಸರು ಏನೇ ಇರಲಿ.

ಜಯನಗರ 4ನೇ ಟಿ ಬ್ಲಾಕ್‌ಗೆ ಅಂಟಿಕೊಂಡೇ ತಿಲಕನಗರ ಇದೆ. ಅಲ್ಲಿನ ಒಂದು ಮನೆಗೆ ಮಾಲೀಕರು 'ತಿಲಕನಗರ' ಅಂತ ಬರೆದಿದ್ದರೆ, ಅದು ನಿಮಗೆ ಬೇಕಾದ ರಸ್ತೆಯಿಂದ ಎರಡು ನಿಮಿಷದ ನಡಿಗೆ ಆಗಿದ್ದರೂ ಜಯನಗರ ಫಿಲ್ಟರ್ ಅದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಗಡಿಯ ಏರಿಯಾಗಳಲ್ಲಿ ಹುಡುಕುವಾಗ ನಾನು ಏರಿಯಾ ಹೆಸರು ತೆಗೆದು, ಬಾಡಿಗೆಯ ಮಿತಿ ಮಾತ್ರ ಇಟ್ಟು, ಮ್ಯಾಪ್‌ನಲ್ಲೇ ನೋಡಿ ಅನ್ನುತ್ತೇನೆ. ಮಿತಿಯನ್ನೂ ಸ್ವಲ್ಪ ಸಡಿಲ ಬಿಡಿ. 25,000ಕ್ಕೆ ನಿಲ್ಲಿಸಿದರೆ 25,500ರ ಮನೆ ಕಾಣುವುದೇ ಇಲ್ಲ, ಅದು ಚೌಕಾಸಿಗೆ ಸಿಗುವ ಮನೆ ಅಲ್ವಾ?

ಆದರೆ ಪಿನ್ ಕೂಡ ತಪ್ಪಬಹುದು. ಮಾಲೀಕರು ಪಿನ್ ಇಡದಿದ್ದರೆ ಕೆಲವು ತಾಣಗಳು ಅದನ್ನು ಏರಿಯಾದ ನಡುಮಧ್ಯೆ ಇಟ್ಟುಬಿಡುತ್ತವೆ. ಪೂರ್ತಿ ಜೂಮ್ ಮಾಡಿದರೂ ಐದಾರು ಬೇರೆ ಬೇರೆ ಮನೆಗಳು ಒಂದೇ ಚುಕ್ಕೆಯ ಮೇಲೆ ಕೂತಿದ್ದರೆ ಅದೇ ಗುರುತು. ಅಂಥ ಮನೆಗೆ ಹೊರಡುವ ಮೊದಲು ಫೋನ್ ಮಾಡಿ, ಯಾವ ಕ್ರಾಸ್ ಅಂತ ಕೇಳಿಕೊಳ್ಳಿ.