ಸೊಂಟ ಅಗಲವಿದ್ದರೆ ಹೆರಿಗೆ ಸುಲಭವೇ?

"ಸೊಂಟ ಅಗಲ ಇದ್ದರೆ ಹೆರಿಗೆ ಸಲೀಸು ಅಂತಾರೆ, ನಿಜಾನಾ? ಗಂಡಸರ ಸೊಂಟದ ಮೂಳೆಗೂ ಹೆಂಗಸರದ್ದಕ್ಕೂ ಏನು ವ್ಯತ್ಯಾಸ?"

ಹೊರಗೆ ಕಾಣುವ ಸೊಂಟದಿಂದ ಏನೂ ಹೇಳಲಾಗದು. ಮುಖ್ಯವಾದುದು ಸೊಂಟದ ಮೂಳೆಗಳ ನಡುವೆ ಮಗು ಇಳಿದು ಬರುವ ಒಳಗಿನ ದಾರಿ.

ಗಂಡಸರಲ್ಲಿ ಬೆನ್ನುಮೂಳೆಯ ಬುಡ ಹೆಚ್ಚು ಮುಂದಕ್ಕೆ ಚಾಚಿಕೊಂಡು, ಮೂಳೆಗಳ ನಡುವಿನ ಆ ಜಾಗದ ಮೇಲಿನ ಬಾಯಿ ಹೃದಯದ ಆಕಾರಕ್ಕೆ ಬರುತ್ತದೆ. ಹೆಂಗಸರಲ್ಲಿ ಅದು ಹೆಚ್ಚಾಗಿ ದುಂಡಗೆ, ಅಡ್ಡಕ್ಕೆ ಸ್ವಲ್ಪ ಜಾಸ್ತಿ. ಮುಂದಿನ ಪ್ಯೂಬಿಕ್ ಮೂಳೆಗಳ ಕೆಳಗಿನ ಕೋನ ಗಂಡಸರಲ್ಲಿ ಸುಮಾರು 50-60 ಡಿಗ್ರಿ, ಹೆಂಗಸರಲ್ಲಿ 80-90. ಈ ಕಮಾನಿನ ಕೆಳಗೇ ಮಗುವಿನ ತಲೆ ಹೊರಬರುವುದು. ಕೋನ ಕಿರಿದಾದರೆ ತಲೆ ಹಿಂದಕ್ಕೆ ಸರಿದು, ಮಲದ್ವಾರದ ಕಡೆಯ ಭಾಗ ಹರಿಯುವ ಸಂಭವ ಹೆಚ್ಚು.

ಹೆಂಗಸರಲ್ಲಿ ಸಾಮಾನ್ಯವಾಗಿ ಮೇಲಿನ ಬಾಯಿಯ ಹತ್ತಿರ ಅಡ್ಡಗಲ 13 ಸೆಂ.ಮೀ., ಹಿಂದು-ಮುಂದು 11. ಹೊರಬರುವ ಕಡೆ ಇದು ಉಲ್ಟಾ. ಅದಕ್ಕೇ ಮಗು ಪಕ್ಕಕ್ಕೆ ಮುಖ ಮಾಡಿ ಇಳಿದು, ಆಮೇಲೆ ತಿರುಗುತ್ತದೆ. ಎಷ್ಟು ಜಾಣತನ ಅಲ್ವಾ!

ಡಾಕ್ಟರ್ ಬೆರಳಿನಿಂದ ಪ್ಯೂಬಿಕ್ ಮೂಳೆಯ ಕೆಳ ಅಂಚಿನಿಂದ ಬೆನ್ನುಮೂಳೆಯ ಆ ಚಾಚಿನವರೆಗೆ ಅಳೆಯುತ್ತಾರೆ. 11.5 ಸೆಂ.ಮೀ. ಬಂತು ಅನ್ನಿ. ಇದು ಓರೆ ಅಳತೆಯಾದ್ದರಿಂದ ಅದರಲ್ಲಿ ಒಂದೂವರೆಯಿಂದ ಎರಡು ಕಳೆದರೆ ತಲೆಗೆ ಸಿಗುವ ಜಾಗ ಹತ್ತು ಅಥವಾ ಅದಕ್ಕೂ ಕಮ್ಮಿ. ದಿನ ತುಂಬಿದ ಮಗುವಿನ ತಲೆಯ ಅಡ್ಡಗಲವೇ ಸುಮಾರು 9.5. ಅಂದರೆ ಬಿಗಿ. ಬೆರಳಿಗೆ ಚಾಚು ಸಿಗದಿದ್ದರೆ ಸಾಮಾನ್ಯವಾಗಿ ಒಳ್ಳೆಯ ಲಕ್ಷಣ.

ಆದರೂ ಈ ಅಳತೆಯೊಂದನ್ನೇ ನೋಡಿ ಸಿಸೇರಿಯನ್ ನಿರ್ಧರಿಸುವುದು ಸರಿಯಲ್ಲ. ತಲೆಯ ಮೂಳೆಗಳು ಒಂದರ ಮೇಲೊಂದು ಸರಿದು ತಲೆ ಕಿರಿದಾಗುತ್ತದೆ, ತಾಯಿಯ ಕೀಲುಗಳೂ ಸಡಿಲವಾಗಿರುತ್ತವೆ. ನೋವು ಚೆನ್ನಾಗಿ ಬರುತ್ತಿದ್ದರೂ ಗಂಟೆಗಟ್ಟಲೆ ತಲೆ ಕೆಳಗಿಳಿಯದಿದ್ದರೆ, ಗರ್ಭದ ಬಾಯಿ ತೆರೆಯುವುದು ನಿಂತರೆ, ಆಗ ದಾರಿ ಸಾಲುತ್ತಿಲ್ಲವೇನೋ ಎಂದು ಅನುಮಾನಿಸುತ್ತಾರೆ.